ಮಾಲೀಕರ ಪತ್ರದಲ್ಲಿ ಇನ್ಸೆಂಟಿವ್ ಲೆಕ್ಕ

ಬಟ್ಟೆ ಅಂಗಡಿಯ ಮಾಲೀಕರು ತಿಂಗಳ ಇನ್ಸೆಂಟಿವ್ ಬಗ್ಗೆ ಸಿಬ್ಬಂದಿಗೆ ಬರೆಯುವ ಪತ್ರ ಅರ್ಧ ಪುಟವಿದ್ದರೂ ಸಾಕು. ಆದರೆ ಓದಿದವರು ತಮಗೆ ಬರಬೇಕಾದ ಹಣವನ್ನು ತಾವೇ ಲೆಕ್ಕ ಹಾಕಿಕೊಳ್ಳುವಂತಿರಬೇಕು.

ಐದು ಮಂದಿ ಕೆಲಸಕ್ಕಿರುವ ಒಂದು ಸೀರೆ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿನ ದಿನದ ಟಾರ್ಗೆಟ್ 50,000 ರೂಪಾಯಿ. ಪತ್ರದ ಮುಖ್ಯ ಸಾಲು ಹೀಗಿದೆ: “ತಿಂಗಳ ದಿನವಹಿ ಸರಾಸರಿ ವ್ಯಾಪಾರ ಟಾರ್ಗೆಟ್‌ಗಿಂತ ಶೇಕಡಾ ಎಷ್ಟು ಹೆಚ್ಚಾಗಿದೆಯೋ ಅದರ ಅರ್ಧದಷ್ಟನ್ನು ಅವರವರ ಸಂಬಳದ ಮೇಲೆ ಇನ್ಸೆಂಟಿವ್ ಆಗಿ ಕೊಡಲಾಗುವುದು.”

ವ್ಯಾಪಾರವೆಂದು ಗಲ್ಲಾಕ್ಕೆ ಬಂದ ಹಣವನ್ನೆಲ್ಲ ಹಿಡಿಯುವಂತಿಲ್ಲ. ತಿಂಗಳ ಬಿಲ್ಲುಗಳ ಮೊತ್ತ 15,75,000 ರೂಪಾಯಿ ಎಂದಿಟ್ಟುಕೊಂಡರೆ, ಅದರಲ್ಲಿ ಶೇ. 5ರ ಜಿಎಸ್‌ಟಿ ಸೇರಿದೆ. ಅದು ಸರ್ಕಾರಕ್ಕೆ ಹೋಗುವ ಹಣ. ತೆಗೆದರೆ ಉಳಿಯುವುದು 15 ಲಕ್ಷ. ಗಿರಾಕಿಗಳು ವಾಪಸ್ ಕೊಟ್ಟ 44,000 ರೂಪಾಯಿಯ ಮಾಲನ್ನೂ ಕಳೆದರೆ ನಿಜವಾದ ವ್ಯಾಪಾರ 14,56,000. ವಾರದ ರಜೆ ಬಿಟ್ಟು ಅಂಗಡಿ ತೆರೆದಿದ್ದು 26 ದಿನ. ಭಾಗಿಸಿದರೆ ದಿನಕ್ಕೆ ಸರಾಸರಿ 56,000. ಟಾರ್ಗೆಟ್ ಮೀರಿದ್ದು 6,000, ಅಂದರೆ ಶೇ. 12. ಅದರ ಅರ್ಧ ಶೇ. 6. ಸಂಬಳ 15,000 ಇದ್ದವರಿಗೆ 900 ರೂಪಾಯಿ.

ಜಗಳ ಹುಟ್ಟುವುದು ಹೆಚ್ಚಾಗಿ ಸರಾಸರಿಯ ವಿಷಯದಲ್ಲಿ. ಮದುವೆ ಗಿರಾಕಿಗಳು ಬಂದ ಮೊದಲ 10 ದಿನ ದಿನಕ್ಕೆ 80,000 ವ್ಯಾಪಾರ, ಉಳಿದ 16 ದಿನ 41,000 ಆಗಿದ್ದರೆ, ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸುವವರಿದ್ದಾರೆ. ಆಗ ಸಿಗುವುದು 60,500, ಟಾರ್ಗೆಟ್‌ಗಿಂತ ಶೇ. 21 ಹೆಚ್ಚು. ಈ ಲೆಕ್ಕ ಹಿಡಿದವರು 1,575 ರೂಪಾಯಿ ನಿರೀಕ್ಷಿಸಿ, 900 ಕಂಡಾಗ ಮಾಲೀಕರ ಮೇಲೆ ಅನುಮಾನ ಪಡುತ್ತಾರೆ. 10 ದಿನಕ್ಕೂ 16 ದಿನಕ್ಕೂ ಸಮಾನ ತೂಕ ಕೊಟ್ಟಿದ್ದೇ ಇಲ್ಲಿನ ತಪ್ಪು. ಒಟ್ಟು ವ್ಯಾಪಾರವನ್ನು ಒಟ್ಟು ದಿನಗಳಿಂದ ಭಾಗಿಸಬೇಕೆಂದು ಪತ್ರದಲ್ಲೇ ಬರೆದು, ಒಂದು ತಿಂಗಳ ಅಂಕಿ ಹಾಕಿ ತೋರಿಸಿದರೆ ಈ ತಕರಾರು ಏಳುವುದಿಲ್ಲ.

ಕೆಲವು ಅಂಗಡಿಗಳಲ್ಲಿ ಸ್ಲ್ಯಾಬ್ ಪದ್ಧತಿ ಇದೆ: ಶೇ. 10 ದಾಟಿದರೆ ಮಾತ್ರ ಇನ್ಸೆಂಟಿವ್, ಇಲ್ಲದಿದ್ದರೆ ಏನೂ ಇಲ್ಲ. ನೋಡಲು ಸರಳ, ಆದರೆ ಗಡಿ ಮುಟ್ಟುವುದಿಲ್ಲವೆಂದು ಗೊತ್ತಾದ ಸಿಬ್ಬಂದಿ ತಿಂಗಳ ಕೊನೆಯ ಬಿಲ್ಲುಗಳನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಕೊನೆಯ ಎರಡು ದಿನ ಬಿಲ್ ಕಡಿಮೆಯಾಗಿ ಒಂದನೇ ತಾರೀಖು ದಿಢೀರನೆ ಏರಿದರೆ ಇದೇ ನಡೆದಿರುವ ಸಂಭವ ಹೆಚ್ಚು. ಅರ್ಧದ ಸೂತ್ರದಲ್ಲಿ ಒಂದೊಂದು ಬಿಲ್ಲಿಗೂ ಬೆಲೆಯಿರುವುದರಿಂದ ಮುಂದೂಡುವ ಆಸೆ ಕಡಿಮೆ.

ಸರಾಸರಿ ಟಾರ್ಗೆಟ್‌ಗಿಂತ ಕೆಳಗಿದ್ದರೆ ಇನ್ಸೆಂಟಿವ್ ಇಲ್ಲ. ಹಾಗೆಂದು ಸಂಬಳಕ್ಕೆ ಕತ್ತರಿ ಹಾಕುವುದಿಲ್ಲ, ಕೊರತೆಯನ್ನು ಮುಂದಿನ ತಿಂಗಳಿಗೆ ಎಳೆಯುವುದಿಲ್ಲ ಎಂಬುದನ್ನೂ ಪತ್ರ ಹೇಳಬೇಕು. ಮದುವೆಗಳಿಲ್ಲದ ಆಷಾಢಕ್ಕೂ ಮದುವೆ ತಿಂಗಳ ಟಾರ್ಗೆಟ್ಟನ್ನೇ ಇಟ್ಟರೆ ಯಾರಿಗೂ ಏನೂ ಸಿಗದು. ಆದ್ದರಿಂದ ಹಿಂದಿನ ವರ್ಷದ ಅದೇ ಹೊತ್ತಿನ ವ್ಯಾಪಾರ ನೋಡಿ ಪ್ರತಿ ತಿಂಗಳ ಟಾರ್ಗೆಟ್ ನಿಗದಿ ಮಾಡಿ, ತಿಂಗಳು ಶುರುವಾಗುವ ಮೊದಲೇ ಸಿಬ್ಬಂದಿಗೆ ತಿಳಿಸಲಾಗುತ್ತದೆ.