ಲೇಟಾಗಿ ಬಂದವರಿಗೆ ಮೆಮೊ: ಬರೆಯುವ ಮುನ್ನ ಲೆಕ್ಕ ಸರಿಯಿರಲಿ

‘ನೀವು ಯಾವಾಗಲೂ ತಡವಾಗಿ ಬರುತ್ತೀರಿ. ಕೆಲಸದ ಮೇಲೆ ನಿಮಗೆ ಶ್ರದ್ಧೆಯಿಲ್ಲ. ಇದು ಮರುಕಳಿಸಿದರೆ ಕಠಿಣ ಕ್ರಮ ಕೈಗೊಳ್ಳಲಾಗುವುದು.’

ನಮ್ಮ ಕಾರ್ಖಾನೆ, ಕಚೇರಿಗಳಲ್ಲಿ ಕೈಗೆ ಸಿಗುವ ಮೆಮೊಗಳ ಧಾಟಿ ಹೆಚ್ಚುಕಡಿಮೆ ಇದೇ. ಇರುವುದು ಮೂರೇ ಸಾಲು, ಮೂರರಲ್ಲೂ ಹುಳುಕು. ನೌಕರ ಸಮಯಕ್ಕೆ ಬಂದ ಒಂದು ದಿನದ ದಾಖಲೆ ತೋರಿಸಿದರೂ ಮೊದಲ ಸಾಲು ಸುಳ್ಳಾಗುತ್ತದೆ. ಎರಡನೆಯದು ಆರೋಪವಲ್ಲ, ಬೈಗುಳ. ಮೂರನೆಯದರಲ್ಲಿ ಏನು ಕ್ರಮ, ಯಾವ ನಿಯಮದಡಿ ಎಂಬುದೇ ಇಲ್ಲ.

ಪದೇ ಪದೇ ತಡವಾಗಿ ಬರುವುದು ದುರ್ನಡತೆಯೇ ಹೌದು. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳ ಪಟ್ಟಿಯಲ್ಲೇ ಅದು ಸೇರಿತ್ತು. ಆದರೆ ಅಲ್ಲಿ ಹೇಳಿರುವುದು ಚಾಳಿಯಾದ ವಿಳಂಬದ ಬಗ್ಗೆ. ಒಂದು ದಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡದ್ದು ಚಾಳಿಯಲ್ಲ. ಚಾಳಿ ಎಂದು ಹೇಳಬೇಕಾದರೆ ತಾರೀಖು ಬೇಕು, ಗಂಟೆ ಬೇಕು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆ. ಪಾಳಿ ಶುರುವಾಗುವುದು ಬೆಳಿಗ್ಗೆ 9ಕ್ಕೆ, 10 ನಿಮಿಷ ರಿಯಾಯಿತಿ. ಹೊಲಿಗೆ ಲೈನ್‌ನ ಒಬ್ಬ ಟೈಲರ್ ಮಾರ್ಚ್‌ನಲ್ಲಿ ಐದು ದಿನ ತಡ ಎಂದು ಸೂಪರ್‌ವೈಸರ್ ದೂರು. ಎಚ್‌ಆರ್‌ನವರು ಪಂಚಿಂಗ್ ಯಂತ್ರದ ವಿವರ ತೆಗೆಸುತ್ತಾರೆ: 4ರಂದು 9.31, 7ರಂದು 9.26, 11ರಂದು 9.42, 24ರಂದು 9.35, 27ರಂದು 9.29. ಸಾಮಾನ್ಯವಾಗಿ ಕೆಲಸ ಇಲ್ಲಿಗೇ ಮುಗಿದು ಮೆಮೊ ಪ್ರಿಂಟ್ ಆಗುತ್ತದೆ. ಆದರೆ ಅದೇ ದಿನಗಳಲ್ಲಿ ಉಳಿದವರು ಎಷ್ಟು ಗಂಟೆಗೆ ಬಂದರು ಎಂದು ನೋಡಿದರೆ, 11ರಂದು ಅದೇ ಬಸ್ಸಿನಲ್ಲಿ ಬಂದ ಎಲ್ಲರೂ 9.40ರ ಆಸುಪಾಸಿನಲ್ಲೇ ಪಂಚ್ ಮಾಡಿದ್ದಾರೆ. ಅವತ್ತು ತಡವಾದದ್ದು ಕಾರ್ಖಾನೆಯ ಬಸ್ಸು! ಆ ದಿನ ಪಟ್ಟಿಯಿಂದ ಹೊರಗೆ. ಉಳಿದದ್ದು ನಾಲ್ಕು ದಿನ, ಒಟ್ಟು 121 ನಿಮಿಷ. ಉಳಿದವರ ವಿವರ ನೋಡುವುದರಿಂದ ಇನ್ನೊಂದು ಲಾಭವೂ ಇದೆ. ಅಷ್ಟೇ ತಡ ಮಾಡಿದ ಪಕ್ಕದ ಲೈನ್‌ನವರಿಗೆ ಮೆಮೊ ಹೋಗಿಲ್ಲವೆಂದರೆ ಅದು ಆಗಲೇ ಗೊತ್ತಾಗುತ್ತದೆ.

ಮುಂದಿನ ಹೆಜ್ಜೆ, ಕರೆದು ಕೇಳುವುದು. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಊರಿಗೆ ಹೋಗಿದ್ದಾರೆ ಎಂದು ಆಕೆ ಹೇಳಿದರೆ ಅದನ್ನೂ ಪತ್ರದಲ್ಲಿ ಬರೆಯಬೇಕು, ಕಾರಣ ಒಪ್ಪದಿದ್ದರೂ ಬರೆಯಬೇಕು. (ಕಾನೂನು ಪ್ರಕಾರ ಶಿಶುಪಾಲನಾ ಕೊಠಡಿ ಇರಲೇಬೇಕಾದ ಕಾರ್ಖಾನೆ ಅದಕ್ಕೆ ಬೀಗ ಜಡಿದಿದ್ದರೆ, ಮೆಮೊ ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಏಳುತ್ತದೆ.) ಹಾಗೆ ಸಿದ್ಧವಾಗುವ ಪತ್ರ ಹೀಗಿದ್ದೀತು:

‘ಮಾರ್ಚ್ 4, 7, 24 ಮತ್ತು 27ರಂದು ನೀವು ಕ್ರಮವಾಗಿ 9.31, 9.26, 9.35 ಮತ್ತು 9.29ಕ್ಕೆ ಹಾಜರಾಗಿದ್ದೀರಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ತಿಳಿಸಿದ್ದೀರಿ. ಏಪ್ರಿಲ್ 15ರವರೆಗೆ 9.30ಕ್ಕೆ ಬರಲು ಅನುಮತಿ ನೀಡಲಾಗಿದೆ. ಆ ಬಳಿಕ 9 ಗಂಟೆಗೆ ಹಾಜರಿರಬೇಕು. ತಪ್ಪಿದಲ್ಲಿ ಸ್ಥಾಯಿ ಆದೇಶದಂತೆ ಕಾರಣ ಕೇಳಿ ನೋಟಿಸ್ ನೀಡಲಾಗುವುದು. ಈ ಪತ್ರದ ಬಗ್ಗೆ ಹೇಳುವುದಿದ್ದರೆ ಏಳು ದಿನಗಳೊಳಗೆ ಬರೆದು ಕೊಡಿ.’

ಇದರಲ್ಲಿ ವಿಶೇಷಣಗಳೇ ಇಲ್ಲ. ಓದುವವರಿಗೆ ಗೊತ್ತಿರುವ ಭಾಷೆಯಲ್ಲಿದೆ. ಟೈಲರ್‌ಗೆ ಇಂಗ್ಲಿಷ್ ಮೆಮೊ ಕೊಟ್ಟು ಸಹಿ ಹಾಕಿಸಿಕೊಳ್ಳುವ ಅಭ್ಯಾಸಕ್ಕಿಂತ ಎಷ್ಟೋ ವಾಸಿ.

ಎಚ್ಚರಿಕೆ ಕೊಟ್ಟಾಯಿತೆಂದು ಸಂಬಳಕ್ಕೂ ಮನಬಂದಂತೆ ಕತ್ತರಿ ಹಾಕುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಈಗಿನ ವೇತನ ಸಂಹಿತೆಯಲ್ಲೂ ನಿಯಮ ಒಂದೇ: ಗೈರಾದಷ್ಟು ಹೊತ್ತಿಗೆ ಮಾತ್ರ ಕಡಿತ. ಎಂಟು ಗಂಟೆಗೆ 560 ರೂಪಾಯಿ ದಿನಗೂಲಿ ಎಂದಿಟ್ಟುಕೊಂಡರೆ ಅರ್ಧ ಗಂಟೆಗೆ 35 ರೂಪಾಯಿ. ‘ಲೇಟಾದರೆ ಅರ್ಧ ದಿನ ಕಟ್’ ಎಂದು 280 ಹಿಡಿದರೆ ಅದು ನಿಯಮಕ್ಕೆ ವಿರುದ್ಧ.

ಪತ್ರದ ನಿಜವಾದ ಬೆಲೆ ತಿಳಿಯುವುದು ಮುಂದೊಂದು ದಿನ ದೊಡ್ಡ ಶಿಕ್ಷೆಯ ಮಾತು ಬಂದಾಗ. ಮೈಸೂರು ಸರ್ಕಾರದ ನೌಕರ ಕೆ. ಮಂಚೇಗೌಡರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1963ರಲ್ಲೇ ಇದನ್ನು ಹೇಳಿದೆ. ನೋಟಿಸ್‌ನಲ್ಲಿ ಹಿಂದಿನ ತಪ್ಪುಗಳ ಸುದ್ದಿಯೇ ಇರಲಿಲ್ಲ, ವಜಾ ಮಾಡುವಾಗ ಸರ್ಕಾರ ಅವನ್ನು ಎತ್ತಿಕೊಂಡಿತು. ಹಳೆಯ ದಾಖಲೆ ನೋಡಿ ಶಿಕ್ಷೆ ಹೆಚ್ಚಿಸುವುದಾದರೆ ಅದನ್ನು ನೌಕರನಿಗೆ ಮೊದಲೇ ತಿಳಿಸಿ, ಉತ್ತರಿಸಲು ಅವಕಾಶ ಕೊಡಬೇಕೆಂದು ಕೋರ್ಟ್ ತೀರ್ಪಿತ್ತಿತು. ಬಾಯಿಮಾತಿನ ಎಚ್ಚರಿಕೆಗಳು ಅಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ.

ಇನ್ನು ಸಹಿಯ ವಿಚಾರ. ಮೆಮೊ ಮೇಲೆ ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತೆ ಎಂಬ ಹೆದರಿಕೆಯಿಂದ ಎಷ್ಟೋ ಜನ ಪತ್ರ ಮುಟ್ಟುವುದೇ ಇಲ್ಲ. ಆಗ ಆಡಳಿತದವರು ಇಬ್ಬರು ಸಾಕ್ಷಿಗಳಿಂದ ಬರೆಸಿಕೊಂಡು ಮನೆಗೆ ಅಂಚೆಯಲ್ಲಿ ಕಳಿಸುತ್ತಾರೆ, ನೌಕರನ ಮಾತು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ನಿಮಗೆ ಅಂಥ ಪತ್ರ ಬಂದರೆ ತೆಗೆದುಕೊಳ್ಳಿ. ಸಹಿಯ ಪಕ್ಕದಲ್ಲಿ ‘ಪತ್ರ ತಲುಪಿದೆ, ಉತ್ತರ ಪ್ರತ್ಯೇಕವಾಗಿ ಕೊಡುತ್ತೇನೆ’ ಎಂದು ಬರೆದು ತಾರೀಖು ಹಾಕಿ. ಉತ್ತರದ ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ.