ಡಿಕ್ರಿ ಕೈಗೆ ಬಂತು, ತವರಿನ ಹೆಸರು ಯಾವಾಗ ಬರುತ್ತೆ?

ಈ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ: ಡಿವೋರ್ಸ್ ಆದಮೇಲೆ ದಾಖಲೆಗಳಲ್ಲಿ ಮದುವೆಗೆ ಮುಂಚಿನ ಹೆಸರು ವಾಪಸ್ ತರೋದು ಹೇಗೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲೇ ಇದ್ದರೂ ಓಡಾಟ ಒಂದೇ. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಆಯ್ತು. ಒಬ್ಬ ಹೆಣ್ಣುಮಗಳ ಹೆಸರು ಬದಲಾಗೋದು ಅಷ್ಟು ಸಲೀಸಲ್ಲ.

ಉದಾಹರಣೆಗೆ ಒಂದು ಕಾಲ್ಪನಿಕ ಹೆಸರು ತಗೊಳ್ಳೋಣ. ಮಾಗಡಿಯ ಹುಡುಗಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಸವಿತಾ ಕೆ." ಅಂತಿದೆ. ಕೆ ಅಂದ್ರೆ ಕೃಷ್ಣಪ್ಪ, ಅಪ್ಪನ ಹೆಸರು. ಚನ್ನಪಟ್ಟಣಕ್ಕೆ ಮದುವೆಯಾಗಿ ಹೋದಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ "ಸವಿತಾ ಮಂಜುನಾಥ್" ಆದಳು. ಈಗ ಪರಸ್ಪರ ಒಪ್ಪಿಗೆಯ ಡಿವೋರ್ಸ್ ಆಗಿದೆ, ತವರಲ್ಲಿದ್ದಾಳೆ.

ಮೊದಲು ಅರ್ಥ ಮಾಡ್ಕೋಬೇಕಾದ ವಿಷಯ: ಕೋರ್ಟ್ ಮದುವೆಯನ್ನು ರದ್ದು ಮಾಡುತ್ತೆ, ಹೆಸರನ್ನು ಬದಲಾಯಿಸಲ್ಲ. ಡಿಕ್ರಿಯಲ್ಲಿ ಬರೋದು ಅರ್ಜಿಯಲ್ಲಿ ಏನು ಬರೆದಿತ್ತೋ ಅದೇ ಹೆಸರು. ಸವಿತಾಳ ಡಿಕ್ರಿಯಲ್ಲಿ "ಸವಿತಾ ಮಂಜುನಾಥ್" ಅಂತಷ್ಟೇ ಇದ್ರೆ, ಅದು ಮದುವೆ ಮುಗಿದಿದೆ ಅಂತ ಹೇಳುತ್ತೆ. ಇವಳೇ ಆ "ಸವಿತಾ ಕೆ." ಅಂತ ಎಲ್ಲೂ ಹೇಳಲ್ಲ. ಕೌಂಟರ್‌ನಲ್ಲಿ ಫೈಲ್ ವಾಪಸ್ ಬರೋದು ಬಹುತೇಕ ಈ ಕೊಂಡಿ ಇಲ್ಲದ ಕಾರಣಕ್ಕೆ.

ಅದಕ್ಕೇ, ಕೇಸ್ ಇನ್ನೂ ಹಾಕಿಲ್ಲ ಅಂದ್ರೆ, ಅರ್ಜಿಯಲ್ಲಿ "ಸವಿತಾ ಮಂಜುನಾಥ್ ಅಲಿಯಾಸ್ ಸವಿತಾ ಕೆ." ಅಂತ ಎರಡೂ ಹೆಸರು ಬರೆಸಿ ಅಂತ ವಕೀಲರಿಗೆ ಹೇಳಿ. ಡಿಕ್ರಿ ಆಗ್ಲೇ ಬಂದಿದ್ರೆ, ಎರಡೂ ಹೆಸರು ಒಬ್ಬಳದೇ ಅಂತ ಇ-ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಮುಂದೆ ಸಹಿ ಹಾಕಬೇಕು, ಜೊತೆಗೆ ಅಂಕಪಟ್ಟಿ ಇಡಬೇಕು. ಆದ್ರೆ ಅಫಿಡವಿಟ್ ಒಂದನ್ನೇ ನಂಬಿಕೊಂಡು ಹೋಗ್ಬೇಡಿ. ಅದು ಡಿಕ್ರಿಗೂ ಅಂಕಪಟ್ಟಿಗೂ ಮಧ್ಯದ ಸೇತುವೆ ಮಾತ್ರ.

ಕೋರ್ಟ್‌ನಿಂದ ಜಡ್ಜ್‌ಮೆಂಟ್, ಡಿಕ್ರಿ ಅಂತ ಎರಡು ಬೇರೆ ಕಾಗದ ಬರುತ್ತೆ. ಎರಡರದ್ದೂ ಸೀಲ್ ಇರೋ ಸರ್ಟಿಫೈಡ್ ಕಾಪಿ ತಗೊಳ್ಳಿ, ವಾಟ್ಸಾಪ್‌ನಲ್ಲಿ ವಕೀಲರು ಕಳಿಸಿದ ಪಿಡಿಎಫ್ ಸಾಲಲ್ಲ. ಹಿಂದೂ ವಿವಾಹ ಕಾಯ್ದೆಯ 23(4)ನೇ ಕಲಂ ಪ್ರಕಾರ ಡಿವೋರ್ಸ್ ಡಿಕ್ರಿಯ ಒಂದು ಪ್ರತಿಯನ್ನು ಕೋರ್ಟ್ ಇಬ್ಬರಿಗೂ ಉಚಿತವಾಗಿ ಕೊಡಬೇಕು. ಹೆಚ್ಚಿನ ಪ್ರತಿಗಳಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ. ಎರಡು ಸೆಟ್ ಇದ್ರೆ ಒಳ್ಳೇದು.

ಈಗ ಯಾವ ಆಫೀಸ್ ಮೊದಲು? ಎಲ್ಲರೂ ಬ್ಯಾಂಕಿಗೆ ಓಡ್ತಾರೆ, ಸಂಬಳ ಅಲ್ಲೇ ಬರೋದಲ್ವಾ. ಆದ್ರೆ ಬ್ಯಾಂಕ್ ಮೊದಲು ಬೇಡ ಅನ್ನೋದು ನನ್ನ ಅಭಿಪ್ರಾಯ. ಕಾರಣ ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿದೆ. ಗುರುತಿನ ಚೀಟಿ ಕೊಟ್ಟಮೇಲೆ ಹೆಸರು ಬದಲಾಗಿದ್ರೂ ಆ ಚೀಟಿಯನ್ನು ಒಪ್ಪಬಹುದು, ಆದ್ರೆ ಜೊತೆಗೆ ಸರ್ಕಾರ ಕೊಟ್ಟ ಮದುವೆ ಸರ್ಟಿಫಿಕೇಟ್ ಅಥವಾ ಗೆಜೆಟ್ ಪ್ರಕಟಣೆ ಇರಬೇಕು ಅಂತ ಆ ನಿಯಮ ಹೇಳುತ್ತೆ. ಗಮನಿಸಿ, ಮದುವೆ ಸರ್ಟಿಫಿಕೇಟ್ ಇದೆ, ಡಿವೋರ್ಸ್ ಡಿಕ್ರಿಯ ಹೆಸರೇ ಇಲ್ಲ. ಗಂಡನ ಹೆಸರು ಸೇರಿಸೋಕೆ ಬಾಗಿಲಿದೆ, ತೆಗೆಯೋಕೆ ಅದೇ ಬಾಗಿಲಿಲ್ಲ! ಬ್ರಾಂಚ್‌ನವರು ಡಿಕ್ರಿ ನೋಡಿ "ಗೆಜೆಟ್ ತನ್ನಿ ಮೇಡಂ" ಅಂದ್ರೆ ಅದರ ಹಿಂದೆ ಇರೋದು ಈ ಸಾಲು. ಪರಿಹಾರ ಸುಲಭ: ಮೊದಲು ಆಧಾರ್ ಬದಲಾಯಿಸಿ, ಹೊಸ ಆಧಾರ್ ಹಿಡಿದು ಬ್ಯಾಂಕಿಗೆ ಹೋಗಿ. ಆಗ ಗುರುತಿನ ಚೀಟಿಯಲ್ಲೇ ಹೊಸ ಹೆಸರು ಇರುತ್ತೆ.

ಆಧಾರ್‌ನಲ್ಲಿ ಹೆಸರು ಜೀವಮಾನದಲ್ಲಿ ಎರಡೇ ಸಲ ಬದಲಾಯಿಸಬಹುದು. ಮದುವೆಯಾದಾಗ ಒಂದು ಸಲ ಆಗಿದೆ, ಅಂದ್ರೆ ಸವಿತಾಗೆ ಉಳಿದಿರೋದು ಒಂದೇ. ಆಧಾರ್ ಪ್ರಾಧಿಕಾರದ ದಾಖಲೆ ಪಟ್ಟಿಯಲ್ಲಿ ಡಿವೋರ್ಸ್ ಡಿಕ್ರಿಗೆ ಜಾಗ ಇದೆ. ಡಿಕ್ರಿಯ ಜೊತೆ ಹಳೇ ಹೆಸರಿನ ಫೋಟೋ ಗುರುತಿನ ಚೀಟಿ ಮತ್ತು ಅಂಕಪಟ್ಟಿ, ಎಲ್ಲಾ ಒರಿಜಿನಲ್ ತಗೊಂಡು ಆಧಾರ್ ಸೆಂಟರ್‌ಗೆ ಹೋಗಿ. ಅಲ್ಲೇ ಸ್ಕ್ಯಾನ್ ಮಾಡಿ ವಾಪಸ್ ಕೊಡ್ತಾರೆ. 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ.

ಇಲ್ಲಿ ಒಂದು ನಿಮಿಷ ಆತುರ ಬೇಡ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದಾಗ ಕನ್ನಡ ಹೆಸರನ್ನು ಕಂಪ್ಯೂಟರ್ ತಾನೇ ತುಂಬುತ್ತೆ. "ಸವಿತಾ" ಹೋಗಿ "ಸವಿಥಾ" ಆಗಿರುತ್ತೆ. ಸ್ಕ್ರೀನ್ ನೋಡಿ, ಎರಡೂ ಭಾಷೆಯ ಅಕ್ಷರ ಓದಿ, ಸ್ಲಿಪ್ ಮೇಲೆ ಮತ್ತೆ ಓದಿ, ಆಮೇಲೆ ಕೌಂಟರ್ ಬಿಡಿ. ಎರಡು ಅವಕಾಶ ಮುಗಿದಮೇಲೆ ತಪ್ಪು ಕಂಡ್ರೆ ವಿಶೇಷ ಮನವಿ ಮಾಡಬೇಕು. ಅದಕ್ಕೆ ಮೊದಲು 1947ಕ್ಕೆ ಫೋನ್ ಮಾಡಿ ಕೇಳಿ.

ನಮ್ಮ ಕಡೆ ಎಷ್ಟೋ ಜನಕ್ಕೆ ಹೆಸರು ಬದಲಾಗಿರೋದೇ ಇಲ್ಲ, "ವೈಫ್ ಆಫ್" ಅಂತ ಗಂಡನ ಹೆಸರು ಮಾತ್ರ ಇರುತ್ತೆ. ಹಾಗಿದ್ರೆ ನಿಮ್ಮ ಕೆಲಸ ಅರ್ಧ ಕಮ್ಮಿ. ಆಧಾರ್‌ನಲ್ಲಿ ಆ ಸಾಲು ಹೆಸರಿನ ಭಾಗ ಅಲ್ಲ, ವಿಳಾಸದ ಭಾಗ. ಈಗ ಅದು "ಕೇರ್ ಆಫ್" ಅಂತ ಬರುತ್ತೆ, ಕಡ್ಡಾಯವೂ ಅಲ್ಲ. ತವರಿನ ವಿಳಾಸಕ್ಕೆ ಅಪ್ಡೇಟ್ ಮಾಡುವಾಗಲೇ ಅದು ಹೋಗುತ್ತೆ, ಎರಡರ ಲೆಕ್ಕಕ್ಕೂ ಸೇರಲ್ಲ.

ಪ್ಯಾನ್‌ನಲ್ಲಿ ಮದುವೆಯಾದವರದ್ದೂ ಅಪ್ಪನ ಹೆಸರೇ ಇರುತ್ತೆ, ಹಾಗಾಗಿ ಬದಲಾಗಬೇಕಾದ್ದು ನಿಮ್ಮ ಹೆಸರು ಮಾತ್ರ. ತೊಂದರೆ ಇನಿಷಿಯಲ್‌ದು. ಪ್ಯಾನ್ ಅರ್ಜಿ ಮೊದಲ ಹೆಸರಿನಲ್ಲೂ ಕೊನೆಯ ಹೆಸರಿನಲ್ಲೂ ಇನಿಷಿಯಲ್ ಒಪ್ಪಲ್ಲ, "ಕೆ." ಬಿಡಿಸಿ "ಕೃಷ್ಣಪ್ಪ" ಅಂತ ಬರೀಬೇಕು. ಕಾರ್ಡ್ ಮೇಲೆ ಅಚ್ಚಾಗೋ ಹೆಸರಲ್ಲಿ ಮಾತ್ರ ಚಿಕ್ಕದು ಮಾಡಬಹುದು. ಆಧಾರ್‌ಗೆ ಹೋಗೋ ಮುಂಚೆಯೇ ಯಾವ ರೂಪದಲ್ಲಿ ಬೇಕು ಅಂತ ತೀರ್ಮಾನ ಮಾಡಿ ಅಂತ ಹೇಳೋದು ಇದಕ್ಕೇ.

ವೋಟರ್ ಐಡಿ ಸರಾಗ. ಫಾರಂ 8 ತುಂಬಿದ್ರೆ ಹೆಸರೂ, ಗಂಡನ ಬದಲು ಅಪ್ಪನ ಹೆಸರೂ ತಿದ್ದಬಹುದು. ಶುಲ್ಕ ಇಲ್ಲ. ರೇಷನ್ ಕಾರ್ಡ್‌ನಲ್ಲಿ ಮೊದಲು ಗಂಡನ ಮನೆ ಕಾರ್ಡಿಂದ ಹೆಸರು ತೆಗೆಸಬೇಕು, ಆಮೇಲೆ ತವರಿನ ಕಾರ್ಡಿಗೆ ಸೇರಿಸೋದು. ಪಾಸ್‌ಪೋರ್ಟ್‌ನಲ್ಲಿ ತಿದ್ದುಪಡಿ ಅಂತ ಇಲ್ಲ, ರೀ-ಇಶ್ಯೂ ಅರ್ಜಿ ಹಾಕಿ ಹೊಸ ಬುಕ್‌ಲೆಟ್ ತಗೋಬೇಕು. ಅಲ್ಲಿ ಹೆಸರು ಬದಲಾವಣೆಗೆ ಡಿಕ್ರಿಯ ಸರ್ಟಿಫೈಡ್ ಕಾಪಿ ತೋರಿಸಿ.

ಇನ್ನು ಗೆಜೆಟ್. ಮೇಲಿನ ದಾರಿಯಲ್ಲಿ ಯಾರಾದ್ರೂ ಪಟ್ಟು ಹಿಡಿದರೆ ಮಾತ್ರ ಇದು. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಇಬ್ಬರು ಸಾಕ್ಷಿಗಳ ಸಹಿ ಇರೋ ನಮೂನೆ, ಫೋಟೋ ಎಲ್ಲಾ ಸೇರಿಸಿ ದೆಹಲಿಯ ಪ್ರಕಟಣಾ ಇಲಾಖೆಗೆ ಕಳಿಸಬೇಕು. ಗಂಡನ ಹೆಸರು ಬಿಟ್ಟು ತವರಿನ ಹೆಸರಿಗೆ ವಾಪಸ್ ಬರೋ ಹೆಂಗಸಿಂದ ಅವರು ಡಿವೋರ್ಸ್ ಡಿಕ್ರಿ ಕೇಳ್ತಾರೆ, ಇಲ್ಲಾಂದ್ರೆ ಗಂಡನ ನಿರಾಕ್ಷೇಪಣಾ ಪತ್ರ. ಕೇಸ್ ನಡೀತಿದ್ರೆ ಅಂತಿಮ ಆದೇಶದವರೆಗೆ ಅರ್ಜಿ ಮುಂದೆ ಹೋಗಲ್ಲ. ತನ್ನ ಹೆಸರಿಗೆ ತಾನು ವಾಪಸ್ ಹೋಗೋಕೆ ಗಂಡನ ಸಹಿ ಯಾಕೆ ಅಂತ ಒಬ್ಬ ಮಹಿಳೆ 2024ರಲ್ಲಿ ದೆಹಲಿ ಹೈಕೋರ್ಟ್‌ಗೆ ಹೋದರು. ಅವರ ಡಿವೋರ್ಸ್ ಕೇಸ್ ಆಗಿನ್ನೂ ನಡೀತಿತ್ತು. ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟಿತು.

ಕನಕಪುರದಲ್ಲೋ ರಾಮನಗರದಲ್ಲೋ ನಿಮ್ಮ ಕೇಸ್ ಇನ್ನೂ ವಾಯಿದೆ ಮೇಲೆ ವಾಯಿದೆ ಬೀಳ್ತಿದ್ರೆ, ಆಧಾರ್‌ನಲ್ಲಿ ವಿಳಾಸ ಮತ್ತು "ಕೇರ್ ಆಫ್" ಸಾಲು ಈಗಲೇ ಬದಲಾಯಿಸಬಹುದು, ಅದಕ್ಕೆ ಡಿಕ್ರಿ ಬೇಡ. ಹೆಸರಿನ ಆ ಕೊನೆ ಅವಕಾಶವನ್ನು ಮಾತ್ರ ಡಿಕ್ರಿ ಕೈಗೆ ಬರೋವರೆಗೆ ಮುಟ್ಟಬೇಡಿ.