ತಟ್ಟೆಯ ಲೆಕ್ಕಕ್ಕೆ ಕಾರಣವನ್ನೂ ಬರೆಯಿರಿ

ಡಯಾಲಿಸಿಸ್ ಮಾಡಿಸಿಕೊಳ್ಳುವವರಿರುವ ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿ ಹಳೆಯ ಪಥ್ಯದ ಚೀಟಿಯೊಂದು ಇನ್ನೂ ಅಂಟಿಕೊಂಡಿರುತ್ತದೆ. ‘ಪ್ರೋಟೀನ್ ದಿನಕ್ಕೆ 40 ಗ್ರಾಂ. ಬೇಳೆ, ಮೊಟ್ಟೆ, ಮಾಂಸ ಕಡಿಮೆ ಮಾಡಿ.’ ಬರೆದ ದಿನ ಅದು ಸರಿಯಾಗಿಯೇ ಇತ್ತು. ಸೋಲುತ್ತಿರುವ ಕಿಡ್ನಿಗೆ ಯೂರಿಯಾದ ಹೊರೆ ಇಳಿಸಬೇಕೆಂದು ಆ ಹಂತದಲ್ಲಿ ಪ್ರೋಟೀನ್ ಕಡಿಮೆ ಮಾಡುತ್ತಾರೆ. ಡಯಾಲಿಸಿಸ್ ಶುರುವಾದ ದಿನವೇ ಈ ಮಾತು ತಲೆಕೆಳಗಾಗುತ್ತದೆ. ಈಗ ಯೂರಿಯಾವನ್ನು ಯಂತ್ರ ತೆಗೆಯುತ್ತದೆ, ಆದರೆ ಅದರ ಜೊತೆಗೆ ಒಂದೊಂದು ಸಲಕ್ಕೂ ಸುಮಾರು 6ರಿಂದ 12 ಗ್ರಾಂ ಅಮೈನೋ ಆಮ್ಲವನ್ನೂ ತೊಳೆದುಹಾಕುತ್ತದೆ. ಹಾಗಾಗಿ ಅಮೆರಿಕದ ಕೆಡಿಒಕ್ಯುಐ 2020ರ ಮಾರ್ಗಸೂಚಿ ಡಯಾಲಿಸಿಸ್ ರೋಗಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಹೇಳುತ್ತದೆ. ಅದಕ್ಕೆ ಮೊದಲಿನ ಹಂತದ ಅಳತೆಗೆ ಇದು ಹೆಚ್ಚುಕಡಿಮೆ ಎರಡರಷ್ಟು.

ಚೀಟಿಯಲ್ಲಿ 40 ಎಂಬ ಅಂಕಿ ಇತ್ತು. ಯಾಕೆ 40, ಎಲ್ಲಿಯವರೆಗೆ 40 ಎಂಬುದು ಇರಲಿಲ್ಲ. ಮನೆಯವರು ನಿಷ್ಠೆಯಿಂದ ಅದನ್ನೇ ಪಾಲಿಸುತ್ತಾ ಹೋದರು, ರೋಗಿ ಸೊರಗುತ್ತಾ ಬಂದರು. ಅಂಕಿಯ ಪಕ್ಕದಲ್ಲಿ ಕಾರಣ ಬರೆದಿಡುವುದನ್ನು ಕಾಗದದ ಕೆಲಸವೆಂದು ಮೂಗುಮುರಿಯುವ ಡಯಟಿಷಿಯನ್‌ಗಳು ನಮ್ಮಲ್ಲಿದ್ದಾರೆ. ನನಗೆ ಅದು ಔಷಧದ ಭಾಗವೇ ಅನ್ನಿಸುತ್ತದೆ. ಒಂದು ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡೋಣ. ಇಲ್ಲಿನ ಅಂಕಿಗಳು ಒಬ್ಬರೇ ವ್ಯಕ್ತಿಯವಲ್ಲ, ಹಲವರನ್ನು ಕಂಡು ಕಟ್ಟಿದ ಮಾದರಿ.

ಮದ್ದೂರು ಕಡೆಯ 54 ವರ್ಷದ ರೈತರು. ಎತ್ತರ 165 ಸೆಂ.ಮೀ. ವಾರಕ್ಕೆ ಎರಡು ಡಯಾಲಿಸಿಸ್, ಸೋಮವಾರ ಮತ್ತು ಗುರುವಾರ. ದಿನಕ್ಕೆ ಇನ್ನೂ 400 ಮಿ.ಲೀ.ನಷ್ಟು ಮೂತ್ರ ಬರುತ್ತಿದೆ. ಸೋಮವಾರ ಯಂತ್ರಕ್ಕೆ ಕೂರುವ ಮೊದಲು ರಕ್ತದಲ್ಲಿ ಪೊಟ್ಯಾಸಿಯಂ 5.9, ಬೈಕಾರ್ಬನೇಟ್ 18, ಆಲ್ಬುಮಿನ್ 3.2.

ಲೆಕ್ಕದ ಮೊದಲ ಪ್ರಶ್ನೆ, ಯಾವ ತೂಕ? ಸೋಮವಾರ ಬೆಳಿಗ್ಗೆ ತಕ್ಕಡಿ 63.4 ಕಿಲೋ ತೋರಿಸುತ್ತದೆ. ಅದರಲ್ಲಿ ಮೂರು ಕಿಲೋ ಮೀರಿದ ನೀರಿದೆ, ನೀರಿಗೆ ಪ್ರೋಟೀನ್ ಬೇಕಿಲ್ಲ. ಡಯಾಲಿಸಿಸ್ ಮುಗಿದು, ಊತ ಇಳಿದು, ಬಿ.ಪಿ. ಹದದಲ್ಲಿರುವಾಗಿನ ತೂಕವನ್ನು ‘ಡ್ರೈ ವೇಟ್’ ಅನ್ನುತ್ತಾರೆ. ಇವರದು 60 ಕಿಲೋ. ಎತ್ತರಕ್ಕೆ ತಕ್ಕ ತೂಕವೇ ಆದ್ದರಿಂದ ಬೇರೆ ತಿದ್ದುಪಡಿ ಬೇಡ. 60ರಿಂದ 72 ಗ್ರಾಂ ಎಂಬ ಮಿತಿ ಸಿಕ್ಕಿತು.

ಈ ಹನ್ನೆರಡು ಗ್ರಾಂಗಳ ನಡುವೆ ಎಲ್ಲಿ ನಿಲ್ಲಬೇಕೆಂದು ಸೂತ್ರ ಹೇಳುವುದಿಲ್ಲ, ರೋಗಿಯ ಊಟ ಹೇಳುತ್ತದೆ. ಡಯಾಲಿಸಿಸ್ ಇರುವ ದಿನ, ಇಲ್ಲದ ದಿನ, ಭಾನುವಾರ, ಹೀಗೆ ಮೂರು ಬಗೆಯ ದಿನಗಳ ಊಟ ಕೇಳಿದರೆ ಸರಾಸರಿ 46 ಗ್ರಾಂ ಪ್ರೋಟೀನ್, 1350 ಕ್ಯಾಲೊರಿ ಬರುತ್ತದೆ. ಬಾಯಿಮಾತಿನ ಈ ಲೆಕ್ಕವನ್ನು ರಕ್ತದಿಂದ ಪರೀಕ್ಷಿಸುವ ದಾರಿಯೂ ಇದೆ. ಒಂದು ಡಯಾಲಿಸಿಸ್ ಮುಗಿದಾಗಿನಿಂದ ಮುಂದಿನದು ಶುರುವಾಗುವವರೆಗೆ ಯೂರಿಯಾ ಎಷ್ಟು ಏರಿತು, ಮೂತ್ರದಲ್ಲಿ ಎಷ್ಟು ಹೋಯಿತು ಎಂದು ನೋಡಿದರೆ ತಿಂದ ಪ್ರೋಟೀನ್ ಎಷ್ಟೆಂದು ಅಂದಾಜಾಗುತ್ತದೆ. ಇವರಿಗೆ 49 ಗ್ರಾಂ ಬಂತು. ಎರಡು ದಾರಿಯೂ ಒಂದೇ ಕಡೆ ಬಂದು ಸೇರಿದಂತಾಯಿತು.

ಇಲ್ಲೊಂದು ಹಳ್ಳವಿದೆ. ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ‘ಬ್ಲಡ್ ಯೂರಿಯಾ’ ಕೊಡುತ್ತವೆ, ಪುಸ್ತಕದ ಸೂತ್ರ ಕೇಳುವುದು ಯೂರಿಯಾದಲ್ಲಿರುವ ನೈಟ್ರೋಜನ್ನನ್ನು, ಅಂದರೆ ಬಿ.ಯು.ಎನ್. ಅನ್ನು. ಮೊದಲನೆಯದನ್ನು 2.14ರಿಂದ ಭಾಗಿಸಿದರೆ ಎರಡನೆಯದು. ಭಾಗಿಸಲು ಮರೆತರೆ 49 ಇದ್ದದ್ದು 90 ದಾಟುತ್ತದೆ, ಸೊರಗುತ್ತಿರುವವರ ಕಡತದಲ್ಲಿ ‘ಚೆನ್ನಾಗಿ ತಿನ್ನುತ್ತಿದ್ದಾರೆ’ ಎಂದು ದಾಖಲಾಗುತ್ತದೆ. ಜ್ವರ, ಸೋಂಕು ಇದ್ದ ವಾರದಲ್ಲೂ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಆಗ ಏರುವ ಯೂರಿಯಾ ತಟ್ಟೆಯಿಂದಷ್ಟೇ ಬಂದದ್ದಲ್ಲ, ಕರಗುತ್ತಿರುವ ಸ್ನಾಯುವಿನಿಂದಲೂ ಬಂದದ್ದು.

46ರಲ್ಲಿರುವವರಿಗೆ ಒಮ್ಮೆಲೇ 72 ಬರೆದುಕೊಟ್ಟರೆ ಆ ಹಾಳೆ ಕಡತದಲ್ಲಷ್ಟೇ ಉಳಿಯುತ್ತದೆ. ಆದ್ದರಿಂದ ಮೊದಲ ನಾಲ್ಕು ವಾರಕ್ಕೆ 60 ಗ್ರಾಂ, ಆಮೇಲೆ 66, ಅಂದರೆ ಕಿಲೋಗೆ 1.1. ಜೊತೆಗೆ ಕ್ಯಾಲೊರಿ 1800ಕ್ಕೆ ಏರಬೇಕು. ಅನ್ನ, ಎಣ್ಣೆ ಸಾಲದಿದ್ದರೆ ದೇಹ ಪ್ರೋಟೀನನ್ನೇ ಉರಿಸಿಬಿಡುತ್ತದೆ.

ಇನ್ನು ಪೊಟ್ಯಾಸಿಯಂ. ‘ದಿನಕ್ಕೆ 2000 ಮಿ.ಗ್ರಾಂ’ ಎಂದು ಎಲ್ಲರಿಗೂ ಒಂದೇ ಅಂಕಿ ಬರೆಯುವ ರೂಢಿಯಿದೆ. 2020ರ ಮಾರ್ಗಸೂಚಿ ಹಾಗೆ ಒಂದು ಅಂಕಿಯನ್ನು ಕೊಡುವುದೇ ಇಲ್ಲ, ರಕ್ತದ ಮಟ್ಟ ಹದದಲ್ಲಿರುವಂತೆ ಆಹಾರವನ್ನು ಹೊಂದಿಸಿ ಅನ್ನುತ್ತದೆ ಅಷ್ಟೆ. ಆಹಾರದ ಮೇಲೆ ಕೈಹಾಕುವ ಮೊದಲು 5.9ಕ್ಕೆ ಬೇರೆ ಕಾರಣವಿದೆಯೇ ನೋಡಬೇಕು. ರಕ್ತ ತೆಗೆಯುವಾಗ ಕಣಗಳು ಒಡೆದಿದ್ದರೆ ಅಂಕಿ ಸುಳ್ಳೇ ಏರುತ್ತದೆ. ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆ, ಮಲಬದ್ಧತೆ, ತಪ್ಪಿದ ಡಯಾಲಿಸಿಸ್, ಇವೂ ಏರಿಸುತ್ತವೆ. ಇವರ ಬೈಕಾರ್ಬನೇಟ್ 18 ಇರುವುದೂ ಗಮನಿಸಬೇಕಾದ್ದೇ. ರಕ್ತ ಆಮ್ಲೀಯವಾದಾಗ ಪೊಟ್ಯಾಸಿಯಂ ಜೀವಕೋಶದೊಳಗಿಂದ ಹೊರಬರಬಹುದು, ಸ್ನಾಯುವೂ ಬೇಗ ಸವೆಯುತ್ತದೆ. ಅದನ್ನು ಸರಿಪಡಿಸುವುದು ವೈದ್ಯರ ಕೆಲಸ, ಗುರುತಿಸಿ ಬರೆಯುವುದು ನಮ್ಮದು.

ಇವೆಲ್ಲ ಕಳೆದ ಮೇಲೆ ಉಳಿಯುವುದು ಆದಾಯ ವೆಚ್ಚದ ಲೆಕ್ಕ. ಒಂದು ಡಯಾಲಿಸಿಸ್ ಸುಮಾರು 3000 ಮಿ.ಗ್ರಾಂ ಪೊಟ್ಯಾಸಿಯಂ ತೆಗೆಯುತ್ತದೆ ಎಂದಿಟ್ಟುಕೊಂಡರೆ ವಾರಕ್ಕೆ ಎರಡರಿಂದ 6000. ಕಿಡ್ನಿ ಸೋತವರಲ್ಲಿ ಕರುಳು ಹೆಚ್ಚು ಹೊರಹಾಕಲು ಕಲಿತಿರುತ್ತದೆ, ದಿನಕ್ಕೆ 600ರಂತೆ ವಾರಕ್ಕೆ 4200. ಉಳಿದಿರುವ ಮೂತ್ರವನ್ನು 24 ಗಂಟೆ ಹಿಡಿದು ಅಳೆದರೆ ದಿನಕ್ಕೆ 470ರಷ್ಟು, ವಾರಕ್ಕೆ 3300. ಒಟ್ಟು 13,500. ದಿನಕ್ಕೆ 1900ರ ಆಸುಪಾಸು ತಿಂದರೆ ಸರಿಹೋಗುತ್ತದೆ. ಇವರು ತಿನ್ನುತ್ತಿದ್ದದ್ದು 2600. ಅಂಕಿಗಳು ಅಂದಾಜಿನವು, ಮೂತ್ರದ್ದೊಂದೇ ಅಳೆದದ್ದು. ಆದರೂ 2000 ಎಂಬ ಗುರಿ ಈಗ ರೂಢಿಯಿಂದ ಬಂದದ್ದಲ್ಲ, ಈ ಮನುಷ್ಯನ ದೇಹದಿಂದ ಬಂದದ್ದು.

ನಿಜವಾದ ತಿಕ್ಕಾಟ ಶುರುವಾಗುವುದು ಈಗ. ಪ್ರೋಟೀನ್ ಏರಬೇಕು, ಪೊಟ್ಯಾಸಿಯಂ ಇಳಿಯಬೇಕು. ಬೇಕಾದ ಹೆಚ್ಚುವರಿ 14 ಗ್ರಾಂ ಪ್ರೋಟೀನನ್ನು ತೊಗರಿಬೇಳೆಯಿಂದಲೇ ತರುವುದಾದರೆ 65 ಗ್ರಾಂ ಬೇಳೆ ಬೇಕು, ಅದರ ಜೊತೆ ಸುಮಾರು 900 ಮಿ.ಗ್ರಾಂ ಪೊಟ್ಯಾಸಿಯಂ ಬರುತ್ತದೆ. ಅಷ್ಟೇ ಪ್ರೋಟೀನನ್ನು ನಾಲ್ಕು ಮೊಟ್ಟೆಯ ಬಿಳಿಭಾಗ ಕೊಡುತ್ತದೆ, ಪೊಟ್ಯಾಸಿಯಂ 220ರೊಳಗೆ. ರಂಜಕವೂ ಅದರಲ್ಲಿ ತೀರಾ ಕಡಿಮೆ. ಮೊಟ್ಟೆ ಮುಟ್ಟದ ಮನೆಯಾದರೆ ಪನೀರು, ಮೊಸರಿನ ಕಡೆ ಹೋಗಬೇಕಾಗುತ್ತದೆ, ಆಗ ರಂಜಕದ ಲೆಕ್ಕ ಬೇರೆಯಾಗಿ ಏಳುತ್ತದೆ. ಇವರು ಮೊಟ್ಟೆ ತಿನ್ನುವವರು, ಕೆಲಸ ಸುಲಭವಾಯಿತು.

ಇಳಿಸುವುದು ಎಲ್ಲಿಂದ? ಮದ್ದೂರು ಎಳನೀರು ಮಾರುಕಟ್ಟೆಗೆ ಹೆಸರಾದ ಊರು. ನಿತ್ರಾಣ ಅಂದ ಕೂಡಲೇ ಕೈಗೆ ಎಳನೀರು ಬರುತ್ತದೆ. ಒಂದು ಎಳನೀರಿನಲ್ಲಿ 600 ಮಿ.ಗ್ರಾಂನಷ್ಟು ಪೊಟ್ಯಾಸಿಯಂ, ಇವರು ದಿನಕ್ಕೊಂದು ಕುಡಿಯುತ್ತಿದ್ದರು. ಅದು ನಿಲ್ಲಬೇಕು, ಇದರಲ್ಲಿ ಚೌಕಾಸಿಯಿಲ್ಲ.

ಎರಡನೆಯದು ಬಸ್ಸಾರು. ಸೊಪ್ಪು, ಕಾಳುಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಚೆಲ್ಲಿ ಎಂಬುದು ಎಲ್ಲ ಕಿಡ್ನಿ ಡಯಟ್ ಚಾರ್ಟುಗಳ ಸಲಹೆ. ಪೊಟ್ಯಾಸಿಯಂ ನೀರಿಗೆ ಇಳಿಯುವುದರಿಂದ ಸಲಹೆ ಸರಿ. ಮಂಡ್ಯದ ಅಡುಗೆಮನೆಯಲ್ಲಿ ಮಾತ್ರ ಅದು ಉಲ್ಟಾ ಹೊಡೆಯುತ್ತದೆ. ಇಲ್ಲಿ ಬಸಿದ ನೀರೇ ಸಾರು. ಬೆಂದ ಸೊಪ್ಪು, ಕಾಳು ಪಲ್ಯವಾಗಿ ಪಕ್ಕಕ್ಕೆ ಹೋಗುತ್ತದೆ, ಪೊಟ್ಯಾಸಿಯಂ ಇಳಿದ ನೀರಿಗೆ ಮಸಾಲೆ ಬಿದ್ದು ಮುದ್ದೆಯ ಮೇಲೆ ಬರುತ್ತದೆ. ‘ನೀರು ಚೆಲ್ಲಿಬಿಟ್ರೆ ಅದು ಬಸ್ಸಾರು ಹೆಂಗಾಯ್ತದೆ ಮೇಡಂ?’ ಎಂದು ಮನೆಯ ಹೆಂಗಸರು ಕೇಳುವುದು ನ್ಯಾಯವೇ. ಒಪ್ಪಂದ ಹೀಗಾಯಿತು: ಅವರ ಪಾಲಿಗೆ ಬಸಿದ ಪಲ್ಯ, ಹೊಸ ನೀರಿನಲ್ಲಿ ಕುದಿಸಿದ ತೆಳು ಸಾರು. ಬಸ್ಸಾರು ವಾರಕ್ಕೊಂದು ಸಲ, ಒಂದು ಸಣ್ಣ ಸೌಟು, ಮಂಗಳವಾರ ಮಾತ್ರ. ಗುರುವಾರದಿಂದ ಸೋಮವಾರದ ತನಕ ನಾಲ್ಕು ದಿನದ ಅಂತರವಿರುವುದರಿಂದ ಆ ನಡುವೆ ಬೇಡ. ‘ಲೋ ಸೋಡಿಯಂ’ ಉಪ್ಪನ್ನೂ ಮನೆಯಿಂದ ತೆಗೆಸಬೇಕು, ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡನ್ನೇ.

ಇಷ್ಟನ್ನೂ ಕಡತದಲ್ಲಿ ಹೇಗೆ ಬರೆಯುವುದು? ‘ಅಧಿಕ ಪ್ರೋಟೀನ್, ಕಡಿಮೆ ಪೊಟ್ಯಾಸಿಯಂ ಆಹಾರ ತಿಳಿಸಲಾಗಿದೆ’ ಎಂಬ ಒಂದೇ ಸಾಲು ನಾನು ಕಂಡ ಕಡತಗಳಲ್ಲಿ ಹೆಚ್ಚು. ಮುಂದಿನ ತಿಂಗಳು ಬರುವ ಇನ್ನೊಬ್ಬ ಡಯಟಿಷಿಯನ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವ ಟಿಪ್ಪಣಿಯನ್ನು ಕನ್ನಡದಲ್ಲಿ ಹೇಳಿದರೆ ಹೀಗಿರಬೇಕು:

‘ಪ್ರೋಟೀನ್ ಸೇವನೆ ಸಾಲದು. ಕಾರಣ: ಡಯಾಲಿಸಿಸ್ ಪೂರ್ವದ ಪಥ್ಯ ಮುಂದುವರಿದಿದೆ. ಆಧಾರ: ಊಟದ ವಿವರ 46 ಗ್ರಾಂ, ಯೂರಿಯಾ ಲೆಕ್ಕ 49 ಗ್ರಾಂ, ಬೇಕಾದದ್ದು 60ರಿಂದ 72. ಡ್ರೈ ವೇಟ್ 60 ಕಿಲೋ ಬಳಸಿದೆ. ಗುರಿ 66, ಮೊದಲ ನಾಲ್ಕು ವಾರ 60. ಪೊಟ್ಯಾಸಿಯಂ ಗುರಿ 2000. ವಾರಕ್ಕೆ ಎರಡು ಡಯಾಲಿಸಿಸ್, ಮೂತ್ರ 400 ಮಿ.ಲೀ. ಎಂಬ ಆಧಾರದ ಮೇಲೆ. ಬೈಕಾರ್ಬನೇಟ್ 18, ಮಾತ್ರೆ: ವೈದ್ಯರ ಗಮನಕ್ಕೆ ತಂದಿದೆ. ನಾಲ್ಕು ವಾರದ ನಂತರ ಸೋಮವಾರದ ರಕ್ತವನ್ನೇ ಹೋಲಿಸಬೇಕು.’

ಕೊನೆಯ ಸಾಲು ಸಣ್ಣದಲ್ಲ. ಮುಂದಿನ ಪರೀಕ್ಷೆ ಗುರುವಾರದ್ದಾದರೆ ಅಂತರ ಒಂದು ದಿನ ಕಡಿಮೆ, ಪಥ್ಯ ಫಲಿಸದಿದ್ದರೂ ಅಂಕಿ ಇಳಿದೀತು. ಆಲ್ಬುಮಿನ್ನನ್ನೂ ಆತುರದಿಂದ ಓದಬಾರದು. ಅದು ನಿಧಾನಕ್ಕೆ ಬದಲಾಗುವಂಥದ್ದು, ಉರಿಯೂತವಿದ್ದರೆ ಎಷ್ಟು ತಿಂದರೂ ಏರುವುದಿಲ್ಲ. ಡ್ರೈ ವೇಟ್ ಕೂಡ ಮೋಸ ಮಾಡುತ್ತದೆ. ಸ್ನಾಯು ಎರಡು ಕಿಲೋ ಕರಗಿ ಆ ಜಾಗಕ್ಕೆ ನೀರು ತುಂಬಿದರೆ ತಕ್ಕಡಿ 60 ಎಂದೇ ಹೇಳುತ್ತದೆ. ಕಾಲಿನ ಊತ, ಏರುವ ಬಿ.ಪಿ., ಸಡಿಲವಾದ ಕೈಹಿಡಿತ ಕಂಡರೆ ಆ ಅರವತ್ತನ್ನೇ ಮರಳಿ ಪ್ರಶ್ನಿಸಬೇಕು.

ಟಿಪ್ಪಣಿಗೆ ಇನ್ನೊಂದು ಸಾಲು ಸೇರಿಸುವುದು ಒಳ್ಳೆಯದು: ‘ಮೂತ್ರ 200 ಮಿ.ಲೀ.ಗಿಂತ ಇಳಿದರೆ ಪೊಟ್ಯಾಸಿಯಂ ಗುರಿ ರದ್ದು, ಲೆಕ್ಕ ಹೊಸದಾಗಿ.’ ಡಯಾಲಿಸಿಸ್ ಶುರುವಾದ ಕೆಲ ತಿಂಗಳು, ವರ್ಷಗಳಲ್ಲಿ ಬಹುತೇಕರಿಗೆ ಮೂತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಅದು ಪೂರ್ತಿ ನಿಂತರೆ ವಾರದ 3300 ಮಿ.ಗ್ರಾಂನ ವೆಚ್ಚ ಅಳಿಸಿಹೋಗಿ, ದಿನದ ಗುರಿ 1450ಕ್ಕೆ ಕುಸಿಯುತ್ತದೆ. 66 ಗ್ರಾಂ ಪ್ರೋಟೀನ್ ಉಳಿಸಿಕೊಂಡು ಅಷ್ಟರಲ್ಲಿ ಊಟ ಹೊಂದಿಸುವುದು ಯಾವ ಮನೆಗೂ ಕಷ್ಟ. ಆಗ ಡಯಟಿಷಿಯನ್ ಹೊಸ ಚಾರ್ಟ್ ಬರೆಯುವುದಕ್ಕಿಂತ, ಇದೇ ಲೆಕ್ಕವನ್ನು ವೈದ್ಯರ ಮುಂದಿಟ್ಟು ವಾರಕ್ಕೆ ಮೂರನೆಯ ಡಯಾಲಿಸಿಸ್ ಕೇಳುವುದು ಸರಿ. ಒಂದು ಹೆಚ್ಚಿನ ಡಯಾಲಿಸಿಸ್ ಆ 3300ರ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ.